ಒಳಪುಟದ ಅಕ್ಷರ

ಮಗಳು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಎದುರಿಗೆ ನಿಂತವರು ಬಾಯಿ ತೆರೆಯುವ ಮೊದಲೇ ಅವರಿಗೆ ಬೇಕಾದದ್ದನ್ನು ತಾನೇ ತೀರ್ಮಾನಿಸಿಬಿಡುವ ಚಟ ಅವಳದು. ಬ್ಯಾಂಕಿನಲ್ಲಿ ಅದಕ್ಕೆ ಚುರುಕುತನ ಎನ್ನುತ್ತಿದ್ದರು. ಮನೆಯಲ್ಲಿ ಅಪ್ಪ ಏನನ್ನುತ್ತಿದ್ದರೋ, ಅವಳು ಕೇಳಿರಲಿಲ್ಲ.

ಅಪ್ಪ ದುಡಿಯುವ ಕಾಲವನ್ನೆಲ್ಲ ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಕಳೆದವರು. ಅದೇ ಅಚ್ಚುಕೂಟದಲ್ಲಿ ಯಂತ್ರಕ್ಕೆ ಮಸಿ ಹಾಕುತ್ತಿದ್ದ ಗೆಳೆಯನೊಬ್ಬ ಅವರ ಜೀವದ ಜೀವ. ಮನೆಮಂದಿಗೆಲ್ಲ ಆತ ಮಸಿ ಮಾವ. ಈಗ ಮಾವನ ಕಿವಿ ಮಂದ, ಅಪ್ಪನ ಕಣ್ಣು ಮಂದ. ಫೋನ್ ಮಾಡಿದರೆ ಮಾವನಿಗೆ ಕೇಳದು, ಮೆಸೇಜು ಹಾಕಿದರೆ ಅಪ್ಪನಿಗೆ ಕಾಣದು. ಮಾವ ‘8ಕ್ಕೆ ಪಾರ್ಕಿಗೆ ಬಾ’ ಎಂದು ಬರೆದರೆ ಅಪ್ಪ ಅದನ್ನು 3 ಎಂದು ಓದಿ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ಕೂತು ಬಂದರು. ಹೀಗಾಗಿದ್ದು ಎರಡನೇ ಸಲ. ಸಂಜೆ ಮಾವನ ಮೆಸೇಜು ಬಂತು: ‘ಇನ್ನೊಂದು ಸಲ ಕಾಯಿಸಿದರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.’ ಅಪ್ಪ ಅಂದು ಸರಿಯಾಗಿ ಊಟ ಮಾಡಲಿಲ್ಲ.

ಮಗಳು ತಡಮಾಡದೆ ಫೋನ್ ಕಸಿದುಕೊಂಡಳು. ಅಕ್ಷರದ ಗಾತ್ರವನ್ನು ಕೊನೆಯ ತುದಿಗೆ ಎಳೆದಳು. ಪರದೆಯ ಮೇಲಿನ ಚಿತ್ರ, ಗುಂಡಿಗಳನ್ನೆಲ್ಲ ಹಿಗ್ಗಿಸುವ ಡಿಸ್‌ಪ್ಲೇ ಗಾತ್ರವನ್ನೂ ತುದಿಗೆ ಎಳೆದಳು. ಸುಲಭ ಮೋಡ್ ಹಾಕಿ, ಎದುರಿನ ಪುಟದಲ್ಲಿ ತನ್ನ ನಂಬರು, ಡಾಕ್ಟರ ನಂಬರು, ಟಾರ್ಚು ಇಟ್ಟಳು. ಉಳಿದದ್ದೆಲ್ಲ ಒಳಗೆ ಹೋಯಿತು.

ಅಪ್ಪ ಫೋನನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

“ಇಷ್ಟು ದಪ್ಪ ಅಕ್ಷರ ನಾವು ಯುದ್ಧ ನಿಂತ ದಿನ ಹಾಕಿದ್ವಿ. ನೀನು ‘ಹಾಲು ತಗೊಂಡು ಬಾ’ ಅನ್ನೋದಕ್ಕೆ ಹಾಕಿದೀಯ.”

“ಕಾಣುತ್ತಲ್ಲ ಅಪ್ಪ, ಅಷ್ಟು ಸಾಲದಾ?”

ಕಾಣುತ್ತಿತ್ತು, ಆದರೆ ಅವರೊಬ್ಬರಿಗೇ ಅಲ್ಲ. ಮರುದಿನ ಅವಳು ಅಡುಗೆಮನೆಯ ಬಾಗಿಲಿನಿಂದಲೇ ಅಪ್ಪನ ಮೆಸೇಜು ಓದಿ, “ಮಾವನ ಹತ್ರ ಕ್ಷಮೆ ಕೇಳ್ತಿದೀಯಾ? ಒಳ್ಳೇದು,” ಅಂದಳು. ಪರದೆಗೆ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ಉದ್ದನೆಯ ಪದ ನಡುವೆ ಮುರಿದು ಎರಡು ಸಾಲಿಗೆ ಬೀಳುತ್ತಿತ್ತು. ಮೆನುವಿನ ಕೊನೆ ಮುಟ್ಟಬೇಕಾದರೆ ಬೆರಳು ಸವೆಯಬೇಕು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಸಂಜೆ ನೋಡಿದರೆ ಅಪ್ಪ ಹೇಗೋ ತಡಕಾಡಿ ಎಲ್ಲವನ್ನೂ ಮೊದಲಿನಷ್ಟೇ ಸಣ್ಣದು ಮಾಡಿಕೊಂಡು, ಫೋನನ್ನು ಮೂಗಿಗೆ ಒತ್ತಿಕೊಂಡಿದ್ದರು.

ಅವಳಿಗೆ ರೇಗಿತು. “ಹಠ ಮಾಡಿದ್ರೆ ಮಾವ ಕೈ ಬಿಟ್ಟು ಹೋಗ್ತಾರೆ ಅಷ್ಟೇ.”

“ಹಠ ಅಲ್ಲಮ್ಮ. ಯಾವ ಅಕ್ಷರ ಎಲ್ಲಿಗೆ ಅಂತ ನೋಡೋದೇ ನನ್ನ ಕೆಲಸ ಆಗಿತ್ತು. ನೀನು ಒಂದು ಸಲನಾದ್ರೂ ನನ್ನ ಕೇಳಿದೀಯಾ?”

ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಸೆಟ್ಟಿಂಗ್ಸ್ ತೆರೆದು, ಅಕ್ಷರದ ಗಾತ್ರದ ಪುಟ ತೋರಿಸಿ, ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮೇಲೆ ಮಾದರಿಯ ಸಾಲು, ಕೆಳಗೆ ಎಳೆಯುವ ಗೆರೆ. ಗೆರೆ ಎಳೆದಂತೆ ಸಾಲು ಬೆಳೆಯಿತು, ಕುಗ್ಗಿತು. ಅಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಇದು ಶೀರ್ಷಿಕೆ. ಇದು ಉಪಶೀರ್ಷಿಕೆ... ಹಾಂ, ಇದು ಒಳಪುಟದ ಸುದ್ದಿಯ ಅಕ್ಷರ.” ಮೊದಲಿದ್ದುದಕ್ಕಿಂತ ಎರಡು ಮೆಟ್ಟಿಲು ಮೇಲೆ ನಿಲ್ಲಿಸಿದರು. “ಅಕ್ಷರ ತೆಳ್ಳಗಿದೆ. ಮಸಿ ಸಾಲದು.”

ಅವಳು ದಪ್ಪ ಅಕ್ಷರದ ಆಯ್ಕೆ ತೋರಿಸಿದಳು. ಅಪ್ಪ ಒತ್ತಿದರು. ಡಿಸ್‌ಪ್ಲೇ ಗಾತ್ರ ಒಂದೇ ಮೆಟ್ಟಿಲು ಸಾಕೆಂದರು. 8 ಎಂದರೆ 8, 3 ಎಂದರೆ 3. ಎದುರಿನ ಪುಟದಲ್ಲಿ ಮೆಸೇಜು ಮೊದಲು ಬಂತು, ಆಮೇಲೆ ಮಸಿ ಮಾವ, ಮೂರನೆಯವಳಾಗಿ ಮಗಳು. ಅವಳಿಗೆ ಸ್ವಲ್ಪ ಚುರುಕ್ಕೆಂದಿತು.

ಮರುದಿನ ಬೆಳಿಗ್ಗೆ ಫೋನ್ ಮಿಡಿಯಿತು. ಅವಳು ಅಡುಗೆಮನೆಯ ಬಾಗಿಲಿನಿಂದ ಕತ್ತು ಚಾಚಿದಳು. ಅಷ್ಟು ದೂರಕ್ಕೆ ಒಂದಕ್ಷರವೂ ಕಾಣಲಿಲ್ಲ. ಅಪ್ಪ ಓದಿ, ಒಳಗೊಳಗೇ ನಕ್ಕು, ಚಪ್ಪಲಿ ಮೆಟ್ಟಿದರು.

“ಏನಂತೆ ಅಪ್ಪ? ಎಷ್ಟು ಗಂಟೆಗಂತೆ?”

“ನಂಗೆ ಬಂದಿರೋ ಮೆಸೇಜು,” ಎಂದು ಹೊರಟೇಬಿಟ್ಟರು.

ಅವಳು ಬ್ಯಾಂಕಿಗೆ ಹೊರಡುವ ಹೊತ್ತಾದರೂ ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ಬೀದಿಯ ತಿರುವಿನಲ್ಲಿ ಅಪ್ಪ ಕಂಡರು. ಪಕ್ಕದಲ್ಲಿ ಮಸಿ ಮಾವ, ಮಾವನ ಕೈಯಲ್ಲಿ ಫೋನು.

“ಇವನಿಗೂ ಕಾಣಲ್ವಂತೆ,” ಅಪ್ಪ ಬಾಗಿಲಲ್ಲೇ ಹೇಳಿದರು. “ಇಷ್ಟು ದಿನ ನನ್ನೊಬ್ಬನನ್ನೇ ಬೈತಿದ್ದ, ಕಳ್ಳ.”

ಅವಳು ಅಭ್ಯಾಸಬಲದಿಂದ ಮಾವನ ಫೋನಿಗೆ ಕೈ ಚಾಚಿದಳು. ಅಪ್ಪ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಾವನನ್ನು ಕೂರಿಸಿ, ಎಳೆಯುವ ಗೆರೆ ತೆರೆದು, ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಕೇಳಿದರು:

“ನಿಂಗೆ ಎಷ್ಟು ಬೇಕು, ನೀನೇ ಹೇಳು.”