ಕಟ್ಟು ಅವರಿಗೆ, ಬೇಳೆ ನಮಗೆ

ಕಮಲಾಕ್ಷಮ್ಮನಂಥ ಶಿಸ್ತಿನ ಹೆಂಗಸು ಆರ್‌ಪಿಸಿ ಲೇಔಟಿನಲ್ಲೇ ಇನ್ನೊಬ್ಬಳಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಿಬಿಡಿ, ವಾದಕ್ಕೆ ಹೋಗಬೇಡಿ. ಬೇಳೆಯನ್ನು ತಕ್ಕಡಿಗೆ ಹಾಕುವಾಗ ಒಂದು ಕಾಳು ಹೆಚ್ಚಾದರೂ ಬೆರಳಲ್ಲಿ ಎತ್ತಿ ಡಬ್ಬಿಗೆ ವಾಪಸ್ ಹಾಕುವವಳು. ಗಂಡನ ಕಾಲು ಹೋಗುತ್ತದೋ ಉಳಿಯುತ್ತದೋ ಎನ್ನುವ ಆ ಇಪ್ಪತ್ತೊಂದು ದಿನವೂ ಆಕೆ ಒಂದೇ ಒಂದು ಹೊತ್ತಿನ ಲೆಕ್ಕ ತಪ್ಪಿಸಲಿಲ್ಲ. ಆದರೂ ತಪ್ಪಾಯಿತು. ಅದೂ ಎಂಥ ತಪ್ಪು ಅಂತೀರಿ!

ಆದದ್ದು ಇಷ್ಟು. ಗಂಡ ರೇವಣಸಿದ್ದಪ್ಪ ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಸಮೇತ ಟೆಂಪೋ ಕೆಳಗೆ ಹೋದರು. ಮೂಳೆ ಮುರಿಯಲಿಲ್ಲ, ಆದರೆ ಎಡಗಾಲಿನ ಮೀನಖಂಡದಿಂದ ಪಾದದವರೆಗೆ ಚರ್ಮ ಕಿತ್ತುಬಂತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬೇಕು, ಆದರೆ ಗಾಯದ ತಳದಲ್ಲಿ ಕೆಂಪು ಮಾಂಸ ಹುಟ್ಟದೆ ಹಚ್ಚಿದರೆ ಅಂಟುವುದಿಲ್ಲ ಎಂದರು ಸರ್ಜನ್. ಮೂರು ವಾರ ಟೈಮ್ ಕೊಟ್ಟರು. ಅಷ್ಟರಲ್ಲಿ ಗಾಯ ಚೇತರಿಸಿಕೊಳ್ಳದೆ ಸೋಂಕು ಒಳಗಿಳಿದರೆ ಮೊಣಕಾಲಿನ ಕೆಳಗಿನದ್ದನ್ನು ಉಳಿಸುವುದು ಕಷ್ಟ ಎಂಬುದನ್ನೂ, ಪಾಪ, ಮೆಲ್ಲಗೆ ಹೇಳಿದರು.

ಆ ಮಾತು ಕೇಳಿದ ಕ್ಷಣದಿಂದ ಕಮಲಾಕ್ಷಮ್ಮನಿಗೆ ಏನೂ ಅನ್ನಿಸುವುದು ನಿಂತುಹೋಯಿತು. ಅಳು ಬರಲಿಲ್ಲ. ಮಗಳು ಅನಘಾ ತಬ್ಬಿಕೊಂಡು ಅತ್ತಾಗ ಈಕೆ ಅವಳ ಬೆನ್ನು ತಟ್ಟುತ್ತಲೇ ಗೋಡೆಯ ಮೇಲಿನ ಟೋಕನ್ ನಂಬರ್ ನೋಡುತ್ತಿದ್ದಳು. ಹಸಿವೂ ಇಲ್ಲ, ರುಚಿಯೂ ಇಲ್ಲ. ಕೈಕಾಲು ಮಾತ್ರ ಗಡಿಯಾರದ ಹಾಗೆ ನಡೆಯುತ್ತಿದ್ದವು.

ಆಸ್ಪತ್ರೆಯ ಡಯಟಿಶಿಯನ್ ವಚನಾ ಎಂಬ ಹುಡುಗಿ ಒಂದು ಚೀಟಿ ಬರೆದುಕೊಟ್ಟಿದ್ದಳು. "ಆಂಟಿ, ಅಂಕಲ್ ತೂಕ ಐವತ್ತೆಂಟು ಕೆಜಿ. ಕೆಜಿಗೆ ಒಂದೂಕಾಲು ಗ್ರಾಂ ಹತ್ತತ್ರ ಅಂದ್ರೆ ದಿನಕ್ಕೆ ಎಪ್ಪತ್ತು ಗ್ರಾಂ ಪ್ರೋಟೀನ್ ಹೋಗ್ಲೇಬೇಕು. ಹೊಸ ಮಾಂಸ ಬೆಳೆಯೋದು ಅದರಿಂದಾನೇ. ಮಾಂಸ ತಿನ್ನಲ್ಲ, ಓಕೆ. ಮೊಟ್ಟೆ?"

"ನಮ್ಮಲ್ಲಿ ಮುಟ್ಟಲ್ಲಮ್ಮ."

"ಔಷಧಿ ಅಂದ್ಕೊಳ್ಳಿ ಆಂಟಿ."

ಚೀಟಿಯಲ್ಲಿ ನೂರು ಗ್ರಾಂ ಲೆಕ್ಕದಲ್ಲಿ ಹೀಗೆ ಬರೆದಿತ್ತು: ತೊಗರಿಬೇಳೆ, ಹಸಿಯದ್ದು, ಇಪ್ಪತ್ತೆರಡು. ಪನೀರ್ ಹದಿನೆಂಟು. ಮೊಟ್ಟೆ ಹದಿಮೂರು, ಎಂದರೆ ಒಂದಕ್ಕೆ ಆರು ಚಿಲ್ಲರೆ.

ಮೊಟ್ಟೆಯ ವಿಷಯ ಕೇಳಿ. ಕೊರಳಲ್ಲಿ ಲಿಂಗ ಕಟ್ಟಿದ ಮನೆ, ಮೂರು ತಲೆಮಾರಿನಲ್ಲಿ ಮೊಟ್ಟೆಯ ಸಿಪ್ಪೆ ಸಹ ಹೊಸ್ತಿಲು ದಾಟಿರಲಿಲ್ಲ. ಕಮಲಾಕ್ಷಮ್ಮ ಮೂರು ಕ್ರಾಸ್ ಆಚೆ ಮುನಿಲಕ್ಷ್ಮಮ್ಮನ ಅಂಗಡಿಗೆ ತಾನೇ ಹೋಗಿ ಒಂದು ಡಜನ್ ಕೊಡಿ ಅಂದಳು. "ಅಯ್ಯೋ, ನೀವಾ ಅಮ್ಮಾ!" ಎಂದು ಮುನಿಲಕ್ಷ್ಮಮ್ಮ ಬಾಯಿಮೇಲೆ ಕೈಯಿಟ್ಟುಕೊಂಡರು. ಬೇರೆ ದಿನವಾಗಿದ್ದರೆ ನಮ್ಮಾಕೆ ಅಲ್ಲೇ ಭೂಮಿಗಿಳಿದು ಹೋಗುತ್ತಿದ್ದಳು. ಆ ದಿನ ಚೀಲ ಚಾಚಿದಳು, ಚಿಲ್ಲರೆ ತೆಗೆದುಕೊಂಡಳು, ಬಂದಳು. ಬಟ್ಟೆ ಒಗೆಯುವ ಕಡೆ ಒಂದು ಇಂಡಕ್ಷನ್ ಒಲೆ ಇಟ್ಟು, ಬೇರೆ ಪಾತ್ರೆಯಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಸ್ನಾನ ಮಾಡಿ ಪೂಜೆಗೆ ಕೂತಳು. ಅಸಹ್ಯವೂ ಆಗಲಿಲ್ಲ, ಪಾಪವೂ ಅನ್ನಿಸಲಿಲ್ಲ. ಅದೇ ನನಗೆ ಹೆಚ್ಚು ಸಂಕಟ ಕೊಡುವ ಸಂಗತಿ.

ಅನಘಾ ಒಂದು ಡಿಜಿಟಲ್ ತಕ್ಕಡಿ ತಂದುಕೊಟ್ಟಳು. ದಿನವೂ ನೋಟ್‌ಬುಕ್ಕಿನಲ್ಲಿ ಅದೇ ಬರಹ. ಬೇಳೆ ನೂರೈವತ್ತು ಗ್ರಾಂ, ಮೂವತ್ತಮೂರು. ಪನೀರ್ ನೂರು ಗ್ರಾಂ, ಹದಿನೆಂಟು. ಮೊಟ್ಟೆ ಎರಡು, ಹನ್ನೆರಡು. ಅನ್ನ, ಚಪಾತಿ, ಮಜ್ಜಿಗೆ ಎಲ್ಲ ಸೇರಿ ಹತ್ತು. ಒಟ್ಟು ಎಪ್ಪತ್ತಮೂರು. ಇಪ್ಪತ್ತೊಂದು ದಿನ, ಇಪ್ಪತ್ತೊಂದು ಸಲ ಎಪ್ಪತ್ತಮೂರು. ರೇವಣಸಿದ್ದಪ್ಪ ಮಗುವಿನ ಹಾಗೆ ಇಟ್ಟದ್ದನ್ನೆಲ್ಲ ತಿಂದರು. ಮೊದಲ ದಿನ ಮೊಟ್ಟೆ ನೋಡಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರಷ್ಟೆ.

ಇಪ್ಪತ್ತೆರಡನೆಯ ದಿನ ಆಸ್ಪತ್ರೆಯಲ್ಲಿ ಸರ್ಜನ್ ಬ್ಯಾಂಡೇಜು ಬಿಚ್ಚಿ ಬಹಳ ಹೊತ್ತು ನೋಡಿದರು. ಗಾಯ ಮಾಸಲಾಗಿ ಬಿಳಿಚಿಕೊಂಡು ಕೂತಿತ್ತು. ಸೋಂಕು ಇಲ್ಲ, ಆದರೆ ಬೆಳವಣಿಗೆಯೂ ಇಲ್ಲ. ತೂಕ ಐವತ್ತಾರಕ್ಕೆ ಇಳಿದಿತ್ತು.

"ಊಟ ಸರಿಯಾಗಿ ಹೋಗ್ತಿದೆಯಾ?" ಎಂದರು.

"ಎಪ್ಪತ್ತಮೂರು ಸಾರ್," ಎಂದು ಕಮಲಾಕ್ಷಮ್ಮ ನೋಟ್‌ಬುಕ್ ಮುಂದೆ ಹಿಡಿದಳು.

ಅವರು ಅದನ್ನು ನೋಡಿ, ಗಾಯ ನೋಡಿ, ವಚನಾಳ ಹತ್ತಿರ ಕಳಿಸಿದರು. ವಚನಾ ಪುಟ ತಿರುಗಿಸಿದಳು. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಬೇಯಿಸಿದ ಬೇಳೆಯನ್ನು ತೂಗಿ ಹಸಿಬೇಳೆಯ ಅಂಕಿ ಬರೆಯುವವರು ಎಷ್ಟೋ ಜನ, ಈಕೆ ಅದನ್ನೂ ಮಾಡಿರಲಿಲ್ಲ. ಹಸಿಯದ್ದನ್ನೇ ತೂಗಿದ್ದಳು. ಹುಡುಗಿ ಪೆನ್ನು ಕೆಳಗಿಟ್ಟಳು.

"ಆಂಟಿ, ಬರೆದಿರೋದು ಬಿಡಿ. ಬೇಳೆ ಹೆಂಗ್ ಮಾಡ್ತೀರಾ, ಒಲೆ ಹಚ್ಚೋದ್ರಿಂದ ಹೇಳಿ."

"ಏನಿದೆ ಹೇಳೋಕೆ? ನೀರು ಕಾಯಿಸಿ ಬೇಳೆ ಹಾಕ್ತೀನಿ. ಕುಕ್ಕರ್ ಇಡಲ್ಲ, ಕರಗಿಹೋಗುತ್ತೆ. ಕಾಳು ಕಾಳಾಗಿರೋವಾಗಲೇ ಇಳಿಸಿ ಕಟ್ಟು ಬಸಿದು, ಮೆಣಸು ತುಪ್ಪ ಹಾಕಿ ಸಾರು ಮಾಡಿಕೊಡ್ತೀನಿ."

"ಕಟ್ಟಿನ ಸಾರು ಅಂದ್ರೆ ಇವಳದ್ದೇ ಕಣಮ್ಮ," ಎಂದರು ವೀಲ್‌ಚೇರಿನಲ್ಲಿದ್ದ ರೇವಣಸಿದ್ದಪ್ಪ. "ಮೂರು ಲೋಟ ಕುಡೀತೀನಿ."

ವಚನಾಳೂ ಇವರ ಹಾಗೆ ದಾವಣಗೆರೆ ಕಡೆಯವಳೇ. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ನೀರಿಗೆ ಕಟ್ಟು ಅನ್ನುತ್ತಾರೆ ಎನ್ನುವುದು, ಬಾಣಂತಿ ಇರಲಿ, ಜ್ವರ ಬಿದ್ದವರಿರಲಿ, ಮೊದಲು ಅದನ್ನೇ ಕುಡಿಸುತ್ತಾರೆ, ಬೇಳೆಯ ಶಕ್ತಿಯೆಲ್ಲ ಕಟ್ಟಿಗಿಳಿಯುತ್ತದೆ ಎನ್ನುತ್ತಾರೆ ಎನ್ನುವುದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೇಳಿದಳು, "ಬಸಿದ ಮೇಲೆ ಬೇಳೆ?"

"ಅದನ್ನ ಅವರಿಗೆ ಹೆಂಗ್ ಕೊಡೋದು, ಭಾರ ಆಗಲ್ವಾ? ಒಗ್ಗರಣೆ ಹಾಕಿ ಚಪಾತಿಗೆ ಪಲ್ಯ ಮಾಡ್ಕೊಂಡು ನಾನು, ಮಗಳು ತಿಂತೀವಿ."

ಹುಡುಗಿ ನೋಟ್‌ಬುಕ್ಕನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.

"ಆಂಟಿ," ಎಂದಳು ವಚನಾ, "ಪ್ರೋಟೀನ್ ಎಲ್ಲ ಆ ಬೇಳೆಯೊಳಗೇ ಉಳಿಯುತ್ತೆ. ಕಟ್ಟಿಗೆ ಇಳಿಯೋದು ಹೆಚ್ಚಂದ್ರೆ ನಾಲ್ಕೈದು ಗ್ರಾಂ. ಅಂಕಲ್‌ಗೆ ಹೋಗಿರೋದು ಎಪ್ಪತ್ತಮೂರಲ್ಲ, ನಲವತ್ತೈದು. ನಂದೇ ತಪ್ಪು. ಬೇಳೆ ಅಂತ ಬರೆದುಬಿಟ್ಟೆ, ಹೆಂಗ್ ಮಾಡ್ತೀರಾ ಅಂತ ಕೇಳಲಿಲ್ಲ."

ಕಮಲಾಕ್ಷಮ್ಮ ತಲೆಯಾಡಿಸಿದಳು. ಟೋಕನ್ ನಂಬರ್ ಓದುವಾಗಿನ ಮುಖವೇ. ಸರ್ಜನ್ ಇನ್ನೂ ಎರಡು ವಾರ ನೋಡೋಣ, ಅದಕ್ಕಿಂತ ಹೆಚ್ಚು ಕಾಯಲಾರೆ ಎಂದರು. ಅದಕ್ಕೂ ತಲೆಯಾಡಿಸಿದಳು. ಆಟೋದಲ್ಲಿ ವಿಜಯನಗರದ ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದೆ ಹೋದವು, ಈಕೆ ಗಂಡನ ಕಾಲು ಅಲುಗಾಡದಂತೆ ಹಿಡಿದು ಕೂತಿದ್ದಳು.

ಮನೆಗೆ ಬಂದವಳೇ ಕೈಕಾಲು ತೊಳೆದು ಒಲೆ ಹಚ್ಚಿದಳು. ಖಾಲಿ ಪಾತ್ರೆಯನ್ನು ತೂಗಿ ಬರೆದುಕೊಂಡಳು. ನೂರೈವತ್ತು ಗ್ರಾಂ ಬೇಳೆಯನ್ನು ಈ ಸಲ ಕುಕ್ಕರಿಗೇ ಹಾಕಿ ಆರು ಸೀಟಿ ಕೂಗಿಸಿದಳು. ಬಸಿಯಲಿಲ್ಲ. ಮಸೆದು, ಒಗ್ಗರಣೆ ಕೊಟ್ಟು, ಪಾತ್ರೆಗೆ ಬಗ್ಗಿಸಿ ಮತ್ತೆ ತೂಗಿದಳು. ಪಾತ್ರೆಯ ತೂಕ ಕಳೆದರೆ ನಾನೂರೆಂಬತ್ತು ಗ್ರಾಂ. ಅಷ್ಟರಲ್ಲಿ ಮೂವತ್ತಮೂರು. ಒಂದು ಸೌಟು ನೂರಿಪ್ಪತ್ತು, ಎಂದರೆ ಪಾತ್ರೆಯ ಕಾಲುಭಾಗ. ಸೌಟಿಗೆ ಎಂಟೂಕಾಲು. ನಾಲ್ಕು ಸೌಟು ನಾಲ್ಕು ಹೊತ್ತಿಗೆ ಹಂಚಿದರೆ ಅವರಿಗೆ ಭಾರವಾಗುವುದಿಲ್ಲ.

ಲೆಕ್ಕ ಮುಗಿಯಿತು. ಪೆನ್ನು ಕೈಯಲ್ಲೇ ಇತ್ತು. ಅದೇನು ತೋಚಿತೋ, ಹಳೆಯ ಪುಟಗಳನ್ನು ತೆಗೆದು ಮೊದಲ ದಿನದಿಂದ ತಿದ್ದತೊಡಗಿದಳು. ಮೂವತ್ತಮೂರನ್ನು ಹೊಡೆದು ಐದು. ಉಳಿದ ಇಪ್ಪತ್ತೆಂಟಕ್ಕೆ ಪಕ್ಕದಲ್ಲಿ ಹೊಸ ಗೆರೆ ಎಳೆದು, ಅನಘಾ ಹದಿನಾಲ್ಕು, ನಾನು ಹದಿನಾಲ್ಕು. ಎರಡನೆಯ ದಿನ ಹದಿನಾಲ್ಕು. ಮೂರನೆಯ ದಿನ ಹದಿನಾಲ್ಕು. ಹನ್ನೊಂದನೆಯ ದಿನ ಬಂದಾಗ ನೆನಪಾಯಿತು, ಅವತ್ತು ಅನಘಾ ಆಫೀಸಿನ ಊಟಕ್ಕೆ ಹೋಗಿದ್ದಳು, ಬೇಳೆ ಹಾಳಾಗಬಾರದೆಂದು ಪೂರ್ತಿ ತಾನೇ ತಿಂದಿದ್ದಳು. ನಾನು ಇಪ್ಪತ್ತೆಂಟು. ಹೋದ ವಾರ ರವಿಕೆ ಬಿಗಿಯಾಗಿದೆ ಎಂದು ಮಗಳು ಕೀಟಲೆ ಮಾಡಿದ್ದೂ ನೆನಪಾಯಿತು. ಹಸಿವಿಲ್ಲದೆ, ರುಚಿಯಿಲ್ಲದೆ, ಏನು ತಿನ್ನುತ್ತಿದ್ದೇನೆ ಎಂದು ನೋಡದೆ ತಿಂದದ್ದು.

ಇಪ್ಪತ್ತೊಂದು ದಿನ, ಐನೂರ ಎಂಬತ್ತೆಂಟು ಗ್ರಾಂ. ಅವರ ಕಾಲಿನ ಮೇಲೆ ಬೆಳೆಯಬೇಕಿದ್ದ ಮಾಂಸವನ್ನು ಕೂತು ಉಂಡುಬಿಟ್ಟೆನಲ್ಲ ಎಂದುಕೊಂಡಳು. ಆಗ ಎಲ್ಲಿತ್ತೋ ಏನೋ, ಹೊಟ್ಟೆಯಿಂದ ಎದ್ದು ಬಂತು ಅಳು. ಒಲೆಯ ಕಟ್ಟೆಗೆ ಎರಡೂ ಕೈ ಊರಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮೂರು ವಾರದ ಅಳು ಅದು, ಸಣ್ಣದಾಗಿ ಮುಗಿಯುವ ಹಾಗಿರಲಿಲ್ಲ.

"ಕಮಲಾ," ಎಂದು ನಡುಮನೆಯ ಮಂಚದಿಂದ ಕೂಗು ಬಂತು. "ಏನೇ ಅದು?"

ಮೂಗು ಒರೆಸಿಕೊಂಡು, ತಟ್ಟೆಗೆ ಅನ್ನ, ಒಂದು ಸೌಟು ಗಟ್ಟಿ ಬೇಳೆ ಹಾಕಿಕೊಂಡು, ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋದಳು. ಪುಟ ಬಿಚ್ಚಿ ಅವರ ಮಡಿಲಿಗಿಟ್ಟಳು.

"ನೋಡಿ. ನಿಮ್ಮದನ್ನೆಲ್ಲ ನಾನು ತಿಂದಿದೀನಿ."

ಅವರು ಕನ್ನಡಕ ಹಾಕಿಕೊಂಡು ಹದಿನಾಲ್ಕುಗಳ ಸಾಲನ್ನು ಮೇಲಿಂದ ಕೆಳಗೆ ಓದಿದರು. ಇಪ್ಪತ್ತೆಂಟರ ಹತ್ತಿರ ಒಂದು ಕ್ಷಣ ನಿಂತರು.

"ಬಿಡೇ," ಎಂದರು. "ಮನೇಲೇ ತಾನೆ ಇತ್ತು."

ಆಕೆಗೆ ಮತ್ತೆ ಅಳು ಒತ್ತರಿಸಿ ಬಂತು. ಅವರು ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟು, ತಟ್ಟೆ ಎಳೆದುಕೊಂಡು ಕಲಸಿದರು. ಒಂದು ತುತ್ತು ಬಾಯಿಗಿಟ್ಟವರು ಅಲ್ಲೇ ತಡೆದು ಆಕೆಯ ಮುಖ ನೋಡಿದರು.

"ಉಪ್ಪು ಹಾಕಿಲ್ಲ ನೀನು."

"ಅಯ್ಯೋ! ಇವತ್ತೇನೋ ಗಡಿಬಿಡೀಲಿ..."

"ಇವತ್ತಲ್ಲ ಕಣೇ. ಮೂರು ವಾರದಿಂದಾನೂ ಹಾಕಿಲ್ಲ."

ಕಮಲಾಕ್ಷಮ್ಮ ಕಣ್ಣು ಬಿಟ್ಟುಕೊಂಡು ನಿಂತಳು. ತಾನೂ ಅದೇ ಬೇಳೆ ತಿಂದವಳು. ಗೊತ್ತೇ ಆಗಿರಲಿಲ್ಲ. ಅನಘಾಳೂ ತುಟಿ ಎರಡು ಮಾಡಿರಲಿಲ್ಲ.

"ಮತ್ತೆ ಒಂದು ಮಾತು ಹೇಳಬಾರದಾಗಿತ್ತೇನ್ರೀ?"

"ತೂಕ ಮಾಡಿ ಮಾಡಿ ಹಾಕ್ತಿದ್ದೆ. ಉಪ್ಪೂ ಡಾಕ್ಟರ್ ಬಿಡಿಸಿರಬೇಕು ಅಂದ್ಕೊಂಡೆ." ಇನ್ನೊಂದು ತುತ್ತು ಕಲಸಿದರು. "ಇದು ಎಷ್ಟು?"

"ಎಂಟೂಕಾಲು."

"ಉಪ್ಪು ತಗೊಂಡು ಬಾ. ಬರೋವಾಗ ಇನ್ನೊಂದು ಎಂಟೂಕಾಲು ತಾ."

ಆಕೆ ಅಡುಗೆಮನೆಗೆ ಹೋಗಿ ಉಪ್ಪಿನ ಮರಿಗೆಗೆ ಕೈ ಹಾಕಿದಳು. ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡು, ಕರಗುವವರೆಗೂ ಅಲ್ಲೇ ನಿಂತಳು. ಆಮೇಲೆ ನಾಳೆಗೆಂದು ಬೇಳೆ ಡಬ್ಬಿ ಇಳಿಸಿ ಮುನ್ನೂರು ಗ್ರಾಂ ತೂಗಿಟ್ಟಳು, ಅವರದ್ದು ನೂರೈವತ್ತು, ತಮ್ಮದು ಬೇರೆ.