ತೊಂಬತ್ತರ ತೂತಿಗೆ ಹೊಂದಿದ ಬೇರಿಂಗ್

ಅಕ್ಕನ ಮನೆಯ ಹೊಸ್ತಿಲಲ್ಲೇ ಲೆಕ್ಕದಮ್ಮನಿಗೆ ನಾತ ಬಡಿಯಿತು. ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ಕಾಲಿಟ್ಟಳು. ಬೆಳಗಿನ ಜಾವ ಬಚ್ಚಲಿನ ಕಿಂಡಿಯಿಂದ ಉಕ್ಕಿದ ಚರಂಡಿಯ ನೀರು ಎಂಟು ಗಂಟೆಯ ಹೊತ್ತಿಗೆ ಇಳಿದಿತ್ತು. ಆದರೆ ಇಳಿಯುವಾಗ ತಂದದ್ದನ್ನೆಲ್ಲ ಬಿಟ್ಟುಹೋಗಿತ್ತು. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕಂದು ಗೆರೆ. ಹೊಲಿಗೆ ಯಂತ್ರದ ಪೆಡಲಿಗೆ ಏನೋ ಸುತ್ತಿಕೊಂಡಿತ್ತು. ಏನೆಂದು ನೋಡಲು ಹೋಗಲಿಲ್ಲ.

ಅಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಗೋರೆಯಿಂದ ಕೆಸರನ್ನು ಬಾಗಿಲಿನತ್ತ ಎಳೆಯುತ್ತಿದ್ದಳು.

"ಬಾ ಬಾ. ಇಡೀ ಊರೇ ನಮ್ಮನೆಗೆ ಬಂದು ಹೋಗಿದೆ. ನೀನೊಬ್ಬಳು ಬಾಕಿ ಇದ್ದೆ," ಅಂದಳು.

ಅಕ್ಕ ಹೊಲಿಗೆಯವಳು. ಕೆಳಗಿನ ಹಲಗೆಯ ಮೇಲೆ ಗಿರಾಕಿಗಳು ಕೊಟ್ಟ ಬಟ್ಟೆ ಜೋಡಿಸಿಟ್ಟಿದ್ದಳು. ಹನ್ನೊಂದು ಜನರದ್ದು. ಲೆಕ್ಕದಮ್ಮ ಒಂದು ಮಡಿಕೆ ಎತ್ತಿದಳು; ತಿಳಿ ಹಳದಿಯ ರೇಷ್ಮೆ, ಕೆಳಗಿನ ಅರ್ಧ ಕಪ್ಪಾಗಿ ಲೋಳೆ ಲೋಳೆಯಾಗಿ ಬೆರಳಿಗೆ ಅಂಟಿತು. ಕೈ ತಾನಾಗಿಯೇ ಅದನ್ನು ಬಿಟ್ಟುಬಿಟ್ಟಿತು.

"ಯಾಕೆ ಹೀಗಾಯ್ತು ಅಕ್ಕಾ?"

"ಪಂಪ್‌ಹೌಸ್‌ನಲ್ಲಿ ಗೇರ್‌ಬಾಕ್ಸ್ ಹಿಡ್ಕೊಂಡ್ಬಿಡ್ತಂತೆ. ನೀರು ಮೇಲೆತ್ತೋ ಸ್ಕ್ರೂ ನಿಂತೋಯ್ತಂತೆ. ತಗ್ಗಿನಲ್ಲಿರೋರು ನಾವು ತಾನೇ, ನಮ್ಮನೆಗೇ ಬಂತು. ಆಪರೇಟರು ಎಣ್ಣೆ ನೋಡಿಲ್ಲ ಅಂತ ಎಲ್ರೂ ಬೈತಿದ್ದಾರೆ."

ಯಾವ ಪಂಪ್‌ಹೌಸ್ ಎಂದು ಲೆಕ್ಕದಮ್ಮ ಕೇಳಬೇಕಾಗಿರಲಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಡಿಸೈನ್ ಮಾಡುವವಳು ಅವಳು. ಅವಳ ಹೆಸರನ್ನು ಕಾರ್ಖಾನೆಯವರು ಮರೆತು ಎಷ್ಟೋ ಕಾಲವಾಗಿತ್ತು. ಲೆಕ್ಕದಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ಆ ಪಂಪ್‌ಹೌಸ್‌ನ ಗೇರ್‌ಬಾಕ್ಸ್ ಅವರ ಕಾರ್ಖಾನೆಯದು. ಲೆಕ್ಕದ ಹಾಳೆಯ ಕೆಳಗಿದ್ದ ಸಹಿ ಅವಳದು.

ಎರಡು ವರ್ಷದ ಹಿಂದಿನ ಮಾತು. ನಗರಸಭೆ ಕೇಳಿದ್ದು ಮೂರು ಗೇರ್‌ಬಾಕ್ಸ್, ಮೂರು ಪಂಪ್‌ಹೌಸ್‌ಗೆ. ಹಗಲೂ ರಾತ್ರಿ ನಿಲ್ಲದೆ ಓಡಬೇಕು, ಬೇರಿಂಗ್ ನಲವತ್ತು ಸಾವಿರ ಗಂಟೆ ಬಾಳಬೇಕು ಎಂದು ಕರಾರಿನಲ್ಲೇ ಬರೆದಿತ್ತು. ಹೊರಗಿನ ಶಾಫ್ಟ್ ನಿಮಿಷಕ್ಕೆ ಅರವತ್ತು ಸುತ್ತು. ಗೇರಿನ ಹಲ್ಲಿನ ಒತ್ತಡ, ಕೆಲಸದ ಜಗ್ಗಾಟ ಎಲ್ಲ ಸೇರಿಸಿದರೆ ಹೆಚ್ಚು ಭಾರ ಹೊರುವ ಕಡೆಯ ಬೇರಿಂಗ್ ಮೇಲೆ ಬೀಳುವುದು ಹತ್ತು ಕಿಲೋನ್ಯೂಟನ್, ಸುಮಾರು ಒಂದು ಟನ್ ಭಾರ. ನಲವತ್ತು ಸಾವಿರ ಗಂಟೆಯೆಂದರೆ ಹದಿನಾಲ್ಕು ಕೋಟಿ ನಲವತ್ತು ಲಕ್ಷ ಸುತ್ತು. ಹತ್ತು ಲಕ್ಷ ಸುತ್ತನ್ನು ಒಂದು ಎಂದು ಹಿಡಿದರೆ ನೂರ ನಲವತ್ತನಾಲ್ಕು. ಗುಂಡಿನ ಬೇರಿಂಗಿಗೆ ಅದರ ಘನಮೂಲ ತೆಗೆಯಬೇಕು, ಐದೂಕಾಲು ಬಂತು. ಅಷ್ಟರಿಂದ ಭಾರವನ್ನು ಗುಣಿಸಿದರೆ ಬೇರಿಂಗಿನ ಡೈನಾಮಿಕ್ ಲೋಡ್ ರೇಟಿಂಗ್, ಅಂದರೆ ತಿರುಗುತ್ತ ಭಾರ ಹೊರುವ ಶಕ್ತಿ, ಕಡಿಮೆಯೆಂದರೂ ಐವತ್ತೆರಡೂವರೆ ಇರಬೇಕು. ಕ್ಯಾಟಲಾಗ್ ತೆಗೆದು ಐವತ್ತು ಮಿಲಿಮೀಟರ್ ಶಾಫ್ಟಿಗೆ ದಪ್ಪ ಸರಣಿಯ 6310 ಎಂಬ ಬೇರಿಂಗ್ ಆರಿಸಿದಳು. ಅದರ ರೇಟಿಂಗ್ ಅರವತ್ತೆರಡರ ಹತ್ತಿರ. ಹೊರ ವ್ಯಾಸ ನೂರ ಹತ್ತು ಮಿಲಿಮೀಟರ್. ಹಾಳೆಗೆ ಸಹಿ ಹಾಕಿ ಕಳಿಸಿದಳು.

ಹಾಳೆಯನ್ನು ಕಾರ್ಖಾನೆಯ ಯಜಮಾನರು ಹಿಡಿದುಕೊಂಡು ಬಂದರು. ಸದಾ ನಗುವ ಮನುಷ್ಯ, ಬಯ್ಯುವಾಗಲೂ ನಗುತ್ತಿದ್ದರು.

"ಅಮ್ಮಾ, ಗೋಡೌನಿನಲ್ಲಿ ಗೇರ್‌ಬಾಕ್ಸಿನ ಕೇಸಿಂಗ್ ಬಿದ್ದಿವೆ. ಬೇರಿಂಗ್ ಕೂರೋ ತೂತು ಕೊರೆದಿದ್ದು ತೊಂಬತ್ತಕ್ಕೆ. ಅದೇ ಐವತ್ತರ ಶಾಫ್ಟಿಗೆ 6210 ಹಾಕಿದ್ರೆ ಸಲೀಸಾಗಿ ಕೂರುತ್ತೆ. ಒಂದು ಸೈಜ್ ಸಣ್ಣದು, ಅಷ್ಟೇ."

"ಅದರ ರೇಟಿಂಗ್ ಮೂವತ್ತೈದು ಸರ್. ಬಾಳಿಕೆ ಸಾಲೋದಿಲ್ಲ."

"ಅರವತ್ತೆರಡು ಎಲ್ಲಿ, ಮೂವತ್ತೈದು ಎಲ್ಲಿ, ಸರಿ. ಬಾಳಿಕೆ ಅರ್ಧ ಆಗುತ್ತೆ ಅನ್ಕೊಳ್ಳೋಣ."

"ಅರ್ಧ ಅಲ್ಲ. ಬಾಳಿಕೆ ಘನದಲ್ಲಿ ಇಳಿಯುತ್ತೆ. ಐದರಲ್ಲಿ ಒಂದು ಪಾಲೂ ಉಳಿಯಲ್ಲ."

ಯಜಮಾನರು ನಕ್ಕರು. ಪೆನ್ನು ತೆಗೆದು ಹಾಳೆಯ ಮೊದಲ ಸಾಲಿನಲ್ಲಿದ್ದ ನಲವತ್ತು ಸಾವಿರವನ್ನು ಹೊಡೆದು ಹತ್ತು ಸಾವಿರ ಬರೆದರು. "ಈಗ ಲೆಕ್ಕ ಮಾಡಿ."

ಮಾಡಿದಳು. ಹತ್ತು ಸಾವಿರ ಗಂಟೆಗೆ ನೂರ ನಲವತ್ತನಾಲ್ಕರ ಬದಲು ಮೂವತ್ತಾರು; ಅದರ ಘನಮೂಲ ಮೂರೂಕಾಲರ ಮೇಲೆ ಸ್ವಲ್ಪ; ಬೇಕಾದ ರೇಟಿಂಗ್ ಮೂವತ್ತಮೂರು. ಮೂವತ್ತೈದರ ಬೇರಿಂಗ್ ಪಾಸಾಯಿತು. ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಕೇಳಿದ ಪ್ರಶ್ನೆಯನ್ನೇ ಬದಲಿಸಲಾಗಿತ್ತು. ಹೊಸ ಹಾಳೆಗೆ ಸಹಿ ಹಾಕಿ, ಹಳೆಯದನ್ನು ತನ್ನ ಮೇಜಿನ ಖಾನೆಗೆ ತುರುಕಿ, ಊಟಕ್ಕೆ ಎದ್ದಿದ್ದಳು. ಆವತ್ತು ಊಟ ಸೇರಿತ್ತು ಎನ್ನುವುದು ಈಗ ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಕ್ಕನ ಮನೆಯಲ್ಲಿ ಎಷ್ಟು ತೊಳೆದರೂ ಕೈಯ ವಾಸನೆ ಹೋಗಲಿಲ್ಲ. ಅಷ್ಟರಲ್ಲಿ ಯಜಮಾನರ ಫೋನು ಬಂತು. "ಪಂಪ್‌ಹೌಸಿಗೆ ಬನ್ನಿ. ನಗರಸಭೆ ಇಂಜಿನಿಯರ್ ಬರ್ತಾರೆ. ಎಣ್ಣೆ ಇಲ್ಲದೆ ಹೋಗಿದೆ ಅಂತ ನೀವೊಂದು ಮಾತು ಹೇಳಿದ್ರೆ ಸಾಕು."

ಅವಳು ಮೊದಲು ಕಾರ್ಖಾನೆಗೆ ಹೋಗಿ ಖಾನೆಯಿಂದ ಹಳೆಯ ಹಾಳೆಯನ್ನೂ ಫೈಲಿನಿಂದ ಹೊಸ ಹಾಳೆಯನ್ನೂ ತೆಗೆದುಕೊಂಡಳು.

ಪಂಪ್‌ಹೌಸ್ ಒಂದೇ ಕೋಣೆ. ಕಬ್ಬಿಣದ ಜಾಲರಿಯ ಕೆಳಗೆ ಕಪ್ಪು ನೀರು ನಿಂತಿತ್ತು. ಬಾಡಿಗೆಗೆ ತಂದ ಪಂಪು ಅದನ್ನು ಗೊರಗೊರ ಹೀರುತ್ತಿತ್ತು. ಕಾರ್ಖಾನೆಯ ಫಿಟ್ಟರ್ ಗೇರ್‌ಬಾಕ್ಸ್ ಬಿಚ್ಚಿ, ಬೇರಿಂಗನ್ನು ಕತ್ತರಿಸಿ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಹಳೇ ಬಟ್ಟೆಯ ಮೇಲೆ ಹರವಿದ್ದ. ಆಪರೇಟರ್, ಐವತ್ತು ದಾಟಿದ ಬಡಕಲು ಮನುಷ್ಯ, ಗೋಡೆಗೆ ಅಂಟಿಕೊಂಡು ನಿಂತಿದ್ದ. ಬೀದಿಯವರು ಬೈದದ್ದು ಮುಖದ ಮೇಲೆ ಇನ್ನೂ ಇತ್ತು.

"ನೋಡಿ ಇಂಜಿನಿಯರೇ," ಯಜಮಾನರು ನಗುತ್ತ ಹೇಳಿದರು, "ನಮ್ಮ ಗೇರ್‌ಬಾಕ್ಸ್ ಕಲ್ಲಿದ್ದ ಹಾಗೆ. ಆದ್ರೆ ಎಣ್ಣೆ ಇಲ್ಲದೆ ಏನು ತಾನೇ ಓಡುತ್ತೆ? ಇಂಥವರನ್ನ ಇಟ್ಕೊಂಡ್ರೆ ಹೀಗೇ. ಬದಲಾಯಿಸಿಬಿಡಿ."

ಇಂಜಿನಿಯರ್ ಇನ್ನೂ ಹರೆಯದವರು. ಆಪರೇಟರ್ ಕಡೆ ತಿರುಗಿದರು. "ಎಣ್ಣೆ ನೋಡಿದ್ದೆಯೇನಪ್ಪ?"

"ಪ್ರತಿ ಸೋಮವಾರ ಕಡ್ಡಿ ಅದ್ದಿ ನೋಡ್ತೀನಿ ಸರ್. ಎರಡು ವಾರದಿಂದ ಸದ್ದು ಬರ್ತಿದೆ ಅಂತ ಇವರ ಕಾರ್ಖಾನೆಗೆ ಫೋನ್ ಮಾಡಿದ್ದೆ. ನಗ್ತಾ, ಆಯ್ತು ಅಂದ್ರು."

ಯಜಮಾನರು ಆಗಲೂ ನಕ್ಕರು. ಆ ನಗುವಿನ ನಡುವೆ ಕಂಡ ಹಲ್ಲು, ತುಟಿಯಂಚಿನ ಎಂಜಲು ನೋಡಿ ಲೆಕ್ಕದಮ್ಮನಿಗೆ ಅಕ್ಕನ ಮನೆಯ ನೆಲ ಕಂಡಾಗಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

"ಮೇಡಂ, ನೀವು ಏನಂತೀರಿ?" ಇಂಜಿನಿಯರ್ ಕೇಳಿದರು.

ಅವಳು ಕೂತು ಬೇರಿಂಗಿನ ಹೊರಗಿನ ರಿಂಗನ್ನು ಎತ್ತಿ ಬೆಳಕಿಗೆ ಹಿಡಿದಳು.

"ಎಣ್ಣೆ ಇಲ್ಲದೆ ಹೋಗಿದ್ರೆ ಉಕ್ಕು ಸುಟ್ಟು ನೀಲಿ ತಿರುಗಿರೋದು. ಎಲ್ಲಾದರೂ ನೀಲಿ ಕಾಣುತ್ತಾ ನೋಡಿ. ಭಾರ ಬೀಳೋ ಈ ಒಂದು ಭಾಗದಲ್ಲಿ ಮಾತ್ರ ಚಕ್ಕೆ ಎದ್ದಿದೆ. ಉಳಿದ ಭಾಗ ಕನ್ನಡಿ ಹಾಗಿದೆ. ಇದು ದಣಿದು ಸತ್ತ ಬೇರಿಂಗು. ಚಕ್ಕೆಗಳು ಗುಂಡುಗಳ ಮಧ್ಯೆ ಸಿಕ್ಕಿ ಕೊನೆಗೆ ಹಿಡ್ಕೊಂಡಿದೆ."

"ಅಮ್ಮಾ," ಅಂದರು ಯಜಮಾನರು. ನಗು ಮುಖದಲ್ಲೇ ಇತ್ತು, ದನಿಯಲ್ಲಿ ಇರಲಿಲ್ಲ.

"ಇಪ್ಪತ್ತು ತಿಂಗಳು ನಿಲ್ಲದೆ ಓಡಿದೆ. ಹದಿನಾಲ್ಕು ಸಾವಿರದ ಆರುನೂರು ಗಂಟೆ. ಇದಕ್ಕಿದ್ದ ಲೆಕ್ಕದ ಆಯಸ್ಸು ಹನ್ನೆರಡು ಸಾವಿರ. ಅಂದ್ರೆ ನೂರು ಬೇರಿಂಗಲ್ಲಿ ತೊಂಬತ್ತು ಅಷ್ಟು ಬಾಳ್ತವೆ, ಹತ್ತು ಅದಕ್ಕೂ ಮೊದಲೇ ಹೋಗ್ತವೆ. ಇದು ಕೊಟ್ಟ ಮಾತಿಗಿಂತ ಹೆಚ್ಚೇ ದುಡಿದಿದೆ. ನೀವು ಕೇಳಿದ್ದು ನಲವತ್ತು ಸಾವಿರ."

ಎರಡು ಹಾಳೆಗಳನ್ನೂ ಇಂಜಿನಿಯರ್ ಕೈಗೆ ಕೊಟ್ಟಳು. ಅವರು ಓದಿ, ಹೊಡೆದ ಸಾಲಿನ ಮೇಲೆ ಬೆರಳಿಟ್ಟರು.

"ಎರಡರಲ್ಲೂ ನಿಮ್ಮ ಸಹಿ ಇದೆ ಮೇಡಂ."

"ಇದೆ. ಗೊತ್ತಿದ್ದೇ ಹಾಕಿದೆ."

ಇಂಜಿನಿಯರ್ ಹಾಳೆಗಳನ್ನು ಮಡಿಸುತ್ತ ಕೇಳಿದರು, "ಉಳಿದೆರಡು ಪಂಪ್‌ಹೌಸಲ್ಲೂ ಇದೇ ಇದೆಯಾ? ನೂರ ಹತ್ತರ ಬೇರಿಂಗಿಗೆ ಹೊಸ ಕೇಸಿಂಗ್ ಬರೋಕೆ ಎಷ್ಟು ದಿನ?"

"ಕೇಸಿಂಗ್ ಬೇಕಾಗಿಲ್ಲ," ಅವಳು ಹೇಳಿದಳು. "ಇದೇ ಒಳಗೆ ಐವತ್ತು, ಹೊರಗೆ ತೊಂಬತ್ತು, ಅಗಲ ಇಪ್ಪತ್ತರ ಅಳತೇಲೇ ರೋಲರ್ ಬೇರಿಂಗ್ ಸಿಗುತ್ತೆ. NU 210. ಗುಂಡಿನ ಬದಲು ಉರುಳೆ, ಅದಕ್ಕೆ ರೇಟಿಂಗ್ ಅರವತ್ತರ ಮೇಲೆ. ಉದ್ದಕ್ಕೆ ತಳ್ಳೋ ಭಾರ ಅದು ತಡೆಯಲ್ಲ. ಆದ್ರೆ ನಮ್ಮ ಗೇರಿನ ಹಲ್ಲು ನೇರ, ಅಂಥ ತಳ್ಳು ಬರೋದಿಲ್ಲ. ಶಾಫ್ಟನ್ನ ಆಚೆ ತುದಿಯ ಗುಂಡಿನ ಬೇರಿಂಗ್ ಹಿಡಿದಿರುತ್ತೆ, ಅಲ್ಲಿ ಭಾರ ಕಡಿಮೆ. ಲಕ್ಷ ಗಂಟೆ ದಾಟುತ್ತೆ."

"ಇದು ಆವತ್ತೇ ಗೊತ್ತಿತ್ತಾ?"

"ಕ್ಯಾಟಲಾಗಿನ ಪುಟ ಮಗುಚಿದ್ರೆ ಐದು ನಿಮಿಷದ ಕೆಲಸ. ಮಗುಚಲಿಲ್ಲ. ಮುನಿಸು ಇತ್ತು. ಹಾಳಾಗಿ ಹೋಗಲಿ ಅನ್ಕೊಂಡು ಸಹಿ ಹಾಕಿಬಿಟ್ಟೆ."

ಆಪರೇಟರ್ ಅವಳನ್ನೇ ನೋಡಿದ. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಕಾಲಿನ ಬೂಟಿಗೆ ಹತ್ತಿದ್ದನ್ನು ಜಾಲರಿಗೆ ಉಜ್ಜಿ ತೆಗೆದು, ಹೊರಗೆ ಹೋದ.

ಆ ವಾರದಲ್ಲೇ ಮೂರೂ ಪಂಪ್‌ಹೌಸ್‌ಗೆ ರೋಲರ್ ಬೇರಿಂಗ್ ಬಿತ್ತು. ಆಪರೇಟರ್ ಕೆಲಸ ಉಳಿಯಿತು. ನಗರಸಭೆ ಕಾರ್ಖಾನೆಯ ಮೇಲೆ ವಿಚಾರಣೆ ಶುರುಮಾಡಿತು. ಅವಳ ಹೇಳಿಕೆಯನ್ನೂ ಬರೆಸಿಕೊಂಡಿತು. ಯಜಮಾನರು ಮಾತ್ರ ಎರಡೇ ದಿನಕ್ಕೆ ಚೇತರಿಸಿಕೊಂಡು, ಗೇರ್‌ಬಾಕ್ಸಿಗೆ 'ಸುಧಾರಿತ ಮಾದರಿ' ಎಂದು ಹೊಸ ಫಲಕ ಮಾಡಿಸಿ ಅವಳ ಮೇಜಿಗೆ ತಂದಿಟ್ಟರು.

"ಕೆಟ್ಟದ್ದರಿಂದಲೂ ಒಳ್ಳೇದಾಯ್ತು ನೋಡಿ ಅಮ್ಮಾ. ಈ ಹಾಳೆಗೊಂದು ಸಹಿ."

ಲೆಕ್ಕ ಸರಿಯಾಗಿತ್ತು. ಅವಳೇ ಮಾಡಿದ್ದು. ಆದರೆ ಪೆನ್ನು ಮುಟ್ಟಲು ಅವಳಿಗೆ ಆಗಲಿಲ್ಲ. ಲೋಳೆ ಹತ್ತಿದ ರೇಷ್ಮೆ ಬೆರಳಿಗೆ ತಾಗಿದ ಹಾಗಾಯಿತು. ಕ್ಯಾಟಲಾಗ್, ಕನ್ನಡಕ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಯಜಮಾನರು ಬಾಗಿಲವರೆಗೂ ನಗುತ್ತಲೇ ಬಂದರು.

ಸಂಜೆ ಅಕ್ಕನ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಅಕ್ಕ ಸುಣ್ಣದ ಪುಡಿ ಎರಚುವುದನ್ನು ನಿಲ್ಲಿಸಲಿಲ್ಲ. ಮೂಲೆಯಿಂದ ಮೂಲೆಗೆ ಎರಚಿ ಮುಗಿಸಿದ ಮೇಲೆ ಕೇಳಿದಳು, "ಆ ಇನ್ನೆರಡು ಪಂಪ್‌ಹೌಸ್ ಕಡೆಯವರ ಮನೆಗೆ ಹೀಗೆ ನೀರು ಬರಲ್ಲ ತಾನೇ?"

"ಬರಲ್ಲ."

"ಸದ್ಯ." ಅಕ್ಕ ಕೈ ಒರೆಸಿಕೊಂಡಳು. "ನನಗೆ ಈಗ ನಿನ್ನ ಮುಖ ನೋಡೋಕೆ ಅಸಹ್ಯ ಆಗ್ತಿದೆ ಕಣೇ. ಸುಳ್ಳು ಹೇಳಲ್ಲ."

"ನನಗೂ ಆಗ್ತಿದೆ."

"ಬಟ್ಟೆ ಕೊಟ್ಟವರು ಹನ್ನೊಂದು ಜನ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕು. ನಾನು ಬಾಗಿಲು ತೋರಿಸ್ತೀನಿ, ಮಾತು ನಿಂದು."

ಮೊದಲ ಮನೆ ಬೀದಿಯ ಮೇಲಿನ ತುದಿಯಲ್ಲಿ, ಚರಂಡಿಯ ನೀರು ಏರದ ಎತ್ತರದಲ್ಲಿತ್ತು. ಹಳದಿ ರೇಷ್ಮೆ ಕೊಟ್ಟ ಹುಡುಗಿಯ ತಾಯಿ ಬಾಗಿಲು ತೆರೆದು, ಅಕ್ಕನನ್ನು ಕಂಡು, "ಹೊಲಿದಾಯ್ತಾ?" ಎಂದು ಕೇಳಿದಳು. ಅಕ್ಕ ಪಕ್ಕಕ್ಕೆ ಸರಿದಳು. ಲೆಕ್ಕದಮ್ಮ ಮೆಟ್ಟಿಲು ಹತ್ತಿದಳು.