ಮೇಲಿನ ಮನೆಗೊಂದು ಹಿಂಬರಹ

ಸತೀಶ ನಾಯಕರಿಗೆ ಮಾತಾಡಲು ಜನ ಇರಲಿಲ್ಲ.

ಕಾರವಾರದ ಸರಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಅಂಕೋಲೆಯ ತಮ್ಮನ ಜೊತೆ ಆಸ್ತಿಯ ಹಿಸ್ಸೆಗೆ ಜಗಳವಾಗಿ ಮಾತು ನಿಂತಿತ್ತು. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಮನೆಯಲ್ಲಿ ಬಾಡಿಗೆಗೆ ದೀಕ್ಷಾ. ಹಿಲ್ಲೂರಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ಬಾಡಿಗೆ ಒಂದನೇ ತಾರೀಖಿಗೆ ಫೋನಿನಲ್ಲೇ ಬಂದು ಬೀಳುತ್ತಿತ್ತು. ಅವಳು ಕೆಳಗಿಳಿದು ಬರುವ ಕಾರಣವೇ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಅವಳು ಬಕೆಟ್ ಎಳೆಯುವ ಸದ್ದು ಕೇಳಿದ ಮೇಲೆಯೇ ನಾಯಕರು ತಿಂಡಿಗೆ ಕೂರುತ್ತಿದ್ದರು.

ಪಕ್ಕದ ಜಾಗದಲ್ಲಿ ಲಾಡ್ಜು ಏಳಲು ಶುರುವಾದ ಮೇಲೆ ಆ ಸದ್ದೂ ಕೇಳಿಸದಾಯಿತು. ಮೊದಲು ಎರಡು ತಿಂಗಳು ಬಂಡೆ ಒಡೆಯುವ ಯಂತ್ರ, ಆಮೇಲೆ ಕಾಂಕ್ರೀಟು, ಈಗ ಕಬ್ಬಿಣ ಕೊಯ್ಯುವುದು. ಏಳನೇ ತಿಂಗಳಿಗೆ ದೀಕ್ಷಾ ಒಂದು ಕಾಗದ ಬರೆದು ಬಾಗಿಲ ಸಂದಿಯಲ್ಲಿ ತುರುಕಿ ಹೋದಳು. ಹಗಲು ನಿದ್ದೆಯಿಲ್ಲ, ಧೂಳಿಗೆ ಕಿಟಕಿ ತೆಗೆಯುವ ಹಾಗಿಲ್ಲ, ಕೆಲಸ ಮುಗಿಯುವವರೆಗೆ ಎಂಟು ಸಾವಿರದ ಬಾಡಿಗೆಯನ್ನು ಆರಕ್ಕೆ ಇಳಿಸಿಕೊಡಬೇಕು ಎಂದಿತ್ತು.

ನಾಯಕರು ಕಾಗದವನ್ನು ಮೂರು ಸಲ ಓದಿದರು. ಬಹಳ ವರ್ಷಗಳ ಮೇಲೆ ಅವರ ಹೆಸರಿಗೆ ಬಂದ ಅರ್ಜಿ. ಕರಾರುಪತ್ರ ತೆಗೆದು ನೋಡಿದರು. ನೆರೆಯವರ ಕಟ್ಟಡದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಇಳಿಸಲೇಬೇಕೆಂದು ಯಾರೂ ಅವರನ್ನು ಒತ್ತಾಯಿಸುವಂತಿರಲಿಲ್ಲ. ಆದರೂ ಹುಡುಗಿ ಹೇಳಿದ್ದು ಸುಳ್ಳಲ್ಲ. ಆರೂವರೆ ಸಾವಿರ ಸಾಕು ಎಂದು ಅವತ್ತೇ ನಿರ್ಧರಿಸಿದರು.

ಆದರೆ ಮೊದಲ ಅರ್ಜಿಗೇ ಹೂಂ ಅನ್ನುವುದು ಅವರು ಕಲಿತ ಪದ್ಧತಿಯಲ್ಲ. ಕಚೇರಿಯಲ್ಲಿ ಮೊದಲು ‘ಅವಕಾಶವಿರುವುದಿಲ್ಲ’ ಎಂದು ಹಿಂಬರಹ ಹೋಗುತ್ತಿತ್ತು. ಅದನ್ನು ಹಿಡಿದು ಅರ್ಜಿದಾರ ಮೇಜಿನ ಮುಂದೆ ಬಂದು ಕೂರುತ್ತಿದ್ದ. ಊರು, ಮಕ್ಕಳು, ಕಾಯಿಲೆ ಎಲ್ಲ ಹೇಳುತ್ತಿದ್ದ. ಚಾ ಬರುತ್ತಿತ್ತು. ಆಮೇಲೆ ಕಡತ ಮುಂದೆ ಹೋಗುತ್ತಿತ್ತು. ದೀಕ್ಷಾ ಹಾಗೆ ಬಂದು ಕೂರಲಿ ಎಂಬುದೇ ಅವರ ಆಸೆಯಾಗಿತ್ತು.

ಕಚೇರಿ ಎದುರಿನ ಟೈಪಿಂಗ್ ಅಂಗಡಿಯ ಸೋಮು ಕರಡು ಓದಿ ನಕ್ಕ.

“ಪಿಂಚಣಿ ಬಂದ್ರೂ ಹಿಂಬರಹ ಬಿಟ್ಟಿಲ್ವಲ್ಲ ನಾಯಕ್ರೆ! ಹದಿನಾಲ್ಕು ಮೆಟ್ಲು ಹತ್ತಿ ಬಾಯಲ್ಲಿ ಹೇಳೂಕೆ ಆಗೂದಿಲ್ವಾ?”

“ಬರೆದದ್ದಕ್ಕೆ ಬರೆದೇ ಉತ್ತರ ಕೊಡಬೇಕು. ನೀ ಟೈಪ್ ಮಾಡು ಮಾರಾಯ.”

“ಪಾಪ, ಆ ಹುಡ್ಗಿ ಹೆದರ್ಕಂಡು ಓಡ್ತು ನೋಡಿ.”

“ಓಡೂದೆಲ್ಲಿಗೆ? ನಾಳೆ ಕೇಳೂಕೆ ಬತ್ತು.”

ನಾಯಕರು ಎರಡು ಕಾಗದ ಮಾಡಿಸಿದರು. ಒಂದು ಹಿಂಬರಹ: ಕರಾರಿನಲ್ಲಿ ಅಂಥ ಷರತ್ತು ಇಲ್ಲದ ಕಾರಣ ಮನವಿ ಪರಿಗಣಿಸಲು ಅವಕಾಶವಿರುವುದಿಲ್ಲ. ಇನ್ನೊಂದು ಆರೂವರೆ ಸಾವಿರದ ಒಪ್ಪಿಗೆ. ಒಪ್ಪಿಗೆಯನ್ನು ಡ್ರಾಯರಿನಲ್ಲಿಟ್ಟು, ಹಿಂಬರಹವನ್ನು ಮೇಲಿನ ಬಾಗಿಲಿಗೆ ಸಿಕ್ಕಿಸಿ ಬಂದರು. ಹಾಲು ಅರ್ಧ ಲೀಟರು ಹೆಚ್ಚು ತಂದರು. ಖಾರಿ ಬಿಸ್ಕೀಟೂ ತಂದರು.

ನಾಲ್ಕು ದಿನ ಅವಳು ಬರಲಿಲ್ಲ. ಹಾಲು ಒಡೆಯಿತು. ಐದನೇ ದಿನ ಫೋನಿಗೆ ಸಂದೇಶ ಬಂತು: ಕರಾರಿನ ಪ್ರಕಾರ ಒಂದು ತಿಂಗಳ ನೋಟಿಸು ಕೊಡುತ್ತಿದ್ದೇನೆ, ಮನೆ ಬಿಡುತ್ತೇನೆ.

ಆಗಲೂ ನಾಯಕರು ಮೆಟ್ಟಿಲು ಹತ್ತಲಿಲ್ಲ. ಇದೂ ಚೌಕಾಸಿಯ ಒಂದು ಹಂತ ಎಂದುಕೊಂಡರು. ಬರುತ್ತಾಳೆ, ಇವತ್ತಲ್ಲ ನಾಳೆ.

ಅವಳು ಬಂದದ್ದು ತಿಂಗಳು ತುಂಬಿದ ಬೆಳಿಗ್ಗೆ, ಚಾವಿ ಕೊಡಲು. ರಸ್ತೆಯಲ್ಲಿ ಟೆಂಪೋ ನಿಂತಿತ್ತು.

“ಮಾಮಾ, ನಲ್ಲಿ ಎಲ್ಲ ಸರಿ ಇತ್ತು. ಒಂದ್ಸಲ ನೋಡ್ಕಂಡು ಬನ್ನಿ.”

“ಕೂರು ತಂಗಿ. ಚಾ ಮಾಡ್ತೆ.”

“ಇಲ್ಲ ಮಾಮಾ, ಟೆಂಪೋದಂವ ಬೈತ. ಅಂಕೋಲೇಲಿ ರೂಮ್ ಆಯ್ತು. ದಿನಾ ಬಸ್ಸಿಗೆ ಬರೂದು. ಹಗಲಿಗೆ ನಿದ್ದಿಯಾದ್ರೂ ಬತ್ತು.”

“ಒಂದ್ಸಲ ಬಂದು ಕೇಳಬಹುದಿತ್ತು ನೀನು.”

“ಕೇಳಿದ್ನಲ್ಲ. ಆಗೂದಿಲ್ಲ ಹೇಳಿ ಟೈಪ್ ಮಾಡಿ ಸಹಿ ಹಾಕಿ ಕೊಟ್ರಿ. ಅದರ ಮೇಲೆ ಮತ್ತೆಂತ ಕೇಳೂದು?”

ನಾಯಕರು ಡ್ರಾಯರ್ ಎಳೆದು ಇನ್ನೊಂದು ಕಾಗದ ಮುಂದೆ ಹಿಡಿದರು. ಅವಳು ಓದಿದಳು. ಮೇಲಿದ್ದ ತಾರೀಖನ್ನೂ ನೋಡಿದಳು. ಎರಡಕ್ಕೂ ಒಂದೇ ದಿನದ ತಾರೀಖು.

“ಇದನ್ನ ಯಂತಕೆ ಒಳಗಿಟ್ಕಂಡ್ರಿ ಮಾಮಾ?”

ನಾಯಕರು ಡ್ರಾಯರ್ ಮುಚ್ಚಿದರು. “ಈಗಲೂ ಆಗ್ತದೆ,” ಎಂದರು.

“ಅಲ್ಲಿ ಅಡ್ವಾನ್ಸು ಕೊಟ್ಟು ಆಯ್ತು.”

ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಅವಳ ಠೇವಣಿಯನ್ನು ನಾಯಕರು ಒಂದು ಪೈಸೆ ಮುರಿಯದೆ ವಾಪಸು ಕೊಟ್ಟರು. ಅವಳು ಎಣಿಸದೆ ಪರ್ಸಿಗೆ ಹಾಕಿಕೊಂಡು, “ಬತ್ತೆ ಮಾಮಾ,” ಎಂದು ಹೋದಳು.

ಲಾಡ್ಜಿನ ಕೆಲಸ ಮತ್ತೆ ಐದು ತಿಂಗಳು ನಡೆಯಿತು. ಮನೆ ನೋಡಲು ಬಂದವರು ಸದ್ದು ಕೇಳಿ ಗೇಟಿನಿಂದಲೇ ತಿರುಗಿದರು. ಆ ಐದು ತಿಂಗಳಿಗೆ ಬಾಡಿಗೆ ಇಳಿಸಿದ್ದರೆ ಹೋಗುತ್ತಿದ್ದದ್ದು ಏಳೂವರೆ ಸಾವಿರ. ಹೋದದ್ದು ನಲವತ್ತು ಸಾವಿರ, ಮತ್ತು ಒಂದು ಜನ.